ನಾಲ್ಕು ಡಾಕ್ಟರ ಚೀಟಿ, ಒಂದು ಪಟ್ಟಿ: ಅಮ್ಮನ ಮಾತ್ರೆಗಳ ಲೆಕ್ಕ ಹೊಂದಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 69 ವರ್ಷ. ಬಿಪಿ, ಶುಗರ್, ಥೈರಾಯ್ಡ್ ಇದೆ. 2023ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ವಿ. ಬೇರೆ ಬೇರೆ ಡಾಕ್ಟರು ಬರೆದ ಹಳೇ ಚೀಟಿಗಳು ಒಂದು ಕವರ್ ತುಂಬ ಇವೆ. ಮೊನ್ನೆ ಹೊಸ ಡಾಕ್ಟರ್ ಹತ್ತಿರ ಹೋದಾಗ "ಏನೇನು ತಗೋತಿದ್ದಾರೆ, ಎಷ್ಟು, ಯಾತಕ್ಕೆ ಅಂತ ಲಿಸ್ಟ್ ಮಾಡ್ಕೊಂಡು ಬನ್ನಿ" ಅಂದರು. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ. ಚೀಟಿ, ಬಿಲ್, ಮನೆಯಲ್ಲಿರುವ ಸ್ಟ್ರಿಪ್‌ಗಳ ಫೋಟೋ ಕಳಿಸಿದ್ದೇನೆ. ಅಮ್ಮ ದಿನಾ ತಗೊಳ್ಳೋ ಮಾತ್ರೆ ಎಲ್ಲಾ ಅದರಲ್ಲಿದೆ. ಕೊನೇ ಚೀಟಿ ನೋಡಿ ಬರೆದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ತುರ್ತಿನ ಕೆಲಸ ಇದೆ. ಪಟ್ಟಿ ಮುಗಿಯುವವರೆಗೆ ಕಾಯದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನಿಮ್ಮ ಫೋಟೋಗಳಲ್ಲಿ ಟೆಲ್ಮಾ 40 ಸ್ಟ್ರಿಪ್ ಇದೆ, ಟೆಲ್ಮಾ-ಎಎಂ ಸ್ಟ್ರಿಪ್ ಕೂಡ ಇದೆ. ಎರಡರಲ್ಲೂ ಅರ್ಧದಷ್ಟು ಮಾತ್ರೆಗಳು ಖಾಲಿಯಾಗಿವೆ. ಅಂದರೆ ಅಮ್ಮ ಎರಡನ್ನೂ ನುಂಗುತ್ತಿದ್ದಾರೆ. ಪಕ್ಕದಲ್ಲೇ ಮೂತ್ರ ಹೋಗಿಸುವ ಲ್ಯಾಸಿಕ್ಸ್ ಇದೆ, ಮಂಡಿ ನೋವಿನ ಜೆರೊಡಾಲ್-ಪಿ ಇದೆ. ಕಿಡ್ನಿ ರಕ್ತ ಸೋಸಬೇಕಾದರೆ ಒಳಗೆ ಸ್ವಲ್ಪ ಒತ್ತಡ ಬೇಕು. ಎರಡೂ ಟೆಲ್ಮಾದಲ್ಲಿರುವ ಬಿಪಿ ಔಷಧಿ ಟೆಲ್ಮಿಸಾರ್ಟನ್ ಆ ಸೋಸುವ ಜಾಗದಿಂದ ಹೊರಗೆ ಹೋಗುವ ರಕ್ತನಾಳವನ್ನು ಸಡಿಲ ಮಾಡುತ್ತದೆ. ನೋವಿನ ಮಾತ್ರೆ ಒಳಗೆ ಬರುವ ನಾಳವನ್ನು ಬಿಗಿ ಮಾಡುತ್ತದೆ. ಲ್ಯಾಸಿಕ್ಸ್ ಮೈಯಲ್ಲಿನ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಒತ್ತಡ ಕುಸಿದು ಕಿಡ್ನಿಗೆ ಪೆಟ್ಟು ಬೀಳಬಹುದು. ಬೇಸಿಗೆಯಲ್ಲಿ, ವಾಂತಿ ಭೇದಿ ಆದಾಗ, ಊಟ ಸೇರದಿದ್ದಾಗ ಇದರ ಅಪಾಯ ಇನ್ನೂ ಜಾಸ್ತಿ.

ಜೆರೊಡಾಲ್-ಪಿ ಚೀಟಿಯಲ್ಲಿ "5 ದಿನ" ಅಂತ ಸ್ಪಷ್ಟವಾಗಿದೆ. ಆ ಐದು ದಿನ ಎಂದೋ ಮುಗಿದಿವೆ, ಹಾಗಾಗಿ ಅದನ್ನು ಇನ್ನು ಕೊಡಬೇಡಿ. ನೋವಿಗೆ ಬದಲಿ ಏನು ಅಂತ ಡಾಕ್ಟರನ್ನು ಕೇಳಿ. ಎರಡು ಟೆಲ್ಮಾಗಳಲ್ಲಿ ಯಾವುದು ಇರಬೇಕು, ಲ್ಯಾಸಿಕ್ಸ್ ಬೇಕೇ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕೇ ಅಂತಲೂ ಅದೇ ಫೋನಿನಲ್ಲಿ ಕೇಳಿ. ಅಮ್ಮನಿಗೆ ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ, ಮೂತ್ರ ಕಡಿಮೆ ಆಗಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೇ ಕರೆದುಕೊಂಡು ಹೋಗಿ.

ಈಗ ಪಟ್ಟಿಯ ಕೆಲಸ.

ಕೊನೇ ಚೀಟಿ ಯಾಕೆ ಸಾಕಾಗುವುದಿಲ್ಲ ಅಂದರೆ, ಪ್ರತಿ ಡಾಕ್ಟರೂ ತಾವು ನೋಡಿದ ತೊಂದರೆಗೆ ಮಾತ್ರ ಬರೆದಿರುತ್ತಾರೆ. ನಿಮ್ಮ ಕವರಿನಲ್ಲಿ ಎಲ್ಲಕ್ಕಿಂತ ಹೊಸದು ಮೂಳೆ ಡಾಕ್ಟರ ಚೀಟಿ. ಅದರಲ್ಲಿ ಹೃದಯದ ಒಂದು ಮಾತ್ರೆಯೂ ಇಲ್ಲ. ಇಲ್ಲ ಅಂದ ಮಾತ್ರಕ್ಕೆ ಅವು ಬೇಡ ಅಂತ ಅಲ್ಲ, ಅಲ್ವಾ? ಹಾಗಾಗಿ ಚೀಟಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಸ್ಟ್ರಿಪ್‌ಗಳಿಂದ ಶುರು ಮಾಡಿ.

ಮಂಚದ ಮೇಲೆ ಒಂದು ಪೇಪರ್ ಹಾಸಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ಅದರ ಮೇಲೆ ಇಡಿ. ಡಬ್ಬಿಯಲ್ಲಿ ಇರುವವು ಮಾತ್ರ ಅಲ್ಲ. ಫ್ರಿಜ್ ಮೇಲಿನವು, ಅಮ್ಮನ ಪರ್ಸಿನಲ್ಲಿರುವವು, ದಿಂಬಿನ ಪಕ್ಕದವು, ಕಣ್ಣಿನ ಡ್ರಾಪ್ಸ್, ಮೆಡಿಕಲ್ ಶಾಪಿನಲ್ಲಿ ಬಾಯಿಮಾತಲ್ಲಿ ಕೇಳಿ ತಂದವು, ಶುಗರಿಗೆ ಅಂತ ಯಾರೋ ಹೇಳಿದ ಪುಡಿ, ಕಷಾಯ, ಎಲ್ಲವೂ ಬರಲಿ. ಆಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಕೈಗೆ ಕೊಟ್ಟು ಕೇಳಿ. "ಇದನ್ನ ತಗೋತೀರಾ?" ಅಂದರೆ "ಹೂಂ" ಅಂದುಬಿಡುತ್ತಾರೆ. "ಇದನ್ನ ಯಾವಾಗ ತಗೋತೀಯಮ್ಮ? ನಿನ್ನೆ ತಗೊಂಡ್ಯಾ? ಯಾವಾಗ ಬಿಡ್ತೀಯ?" ಅಂತ ಕೇಳಿ. ಗದರುವ ದನಿ ಬೇಡ. ಬೈತಾರೆ ಅನ್ನಿಸಿದರೆ ನಿಜ ಹೊರಗೆ ಬರುವುದಿಲ್ಲ.

ಮಾತಿನ ಜೊತೆಗೆ ಮಾತ್ರೆ ಎಣಿಸಿ ನೋಡುವುದೂ ಒಳ್ಳೆಯದು. ನಿಮ್ಮ ಫೋಟೋದಲ್ಲೇ ಒಂದು ಉದಾಹರಣೆ ಇದೆ. ಶುಗರಿನ ಗ್ಲೈಕೊಮೆಟ್ ಜಿಪಿ 1 ಮಾತ್ರೆ ಚೀಟಿಯಲ್ಲಿ 1-0-1, ಬೆಳಗ್ಗೆ ಒಂದು, ರಾತ್ರಿ ಒಂದು. ಬಿಲ್ ಪ್ರಕಾರ 1ನೇ ತಾರೀಕು 15ರ ನಾಲ್ಕು ಸ್ಟ್ರಿಪ್ ತಂದಿದ್ದೀರಿ, ಒಟ್ಟು 60. ನೀವು ಫೋಟೋ ತೆಗೆದದ್ದು 25ರ ಬೆಳಗ್ಗೆ. 24 ದಿನಕ್ಕೆ 48 ಖರ್ಚಾಗಿ 12 ಉಳಿಯಬೇಕಿತ್ತು. ಫೋಟೋದಲ್ಲಿ ಎರಡು ಪೂರ್ತಿ ಸ್ಟ್ರಿಪ್, ಮೂರನೆಯದರಲ್ಲಿ ನಾಲ್ಕು ಕಾಣುತ್ತಿವೆ, ಅಂದರೆ 34. ಖರ್ಚಾಗಿರುವುದು 26. ಹಳೆಯ ಸ್ಟ್ರಿಪ್ ಏನೂ ಉಳಿದಿರಲಿಲ್ಲ ಅಂತಾದರೆ, ಅಮ್ಮ ಬಹುಶಃ ಬೆಳಗಿನದು ತಗೊಂಡು ರಾತ್ರಿಯದನ್ನು ಹೆಚ್ಚುಕಡಿಮೆ ಪೂರ್ತಿ ಬಿಡುತ್ತಿದ್ದಾರೆ.

ಯಾಕೆ ಬಿಡ್ತಾರೆ ಅಂತ ಕೇಳಿ. ಈ ಮಾತ್ರೆಯಲ್ಲಿ ಎರಡು ಔಷಧಿ ಇವೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಗ್ಲಿಮೆಪಿರೈಡ್ ಶುಗರನ್ನು ವಿಪರೀತ ಇಳಿಸಬಲ್ಲದು. ರಾತ್ರಿ ಊಟ ಕಡಿಮೆಯಾದ ದಿನ ಬೆಳಗಿನ ಜಾವ ಬೆವರು, ನಡುಕ, ಎದೆ ಡವಡವ ಆಗಿ, ಯಾರಿಗೂ ಹೇಳದೆ ಬಿಟ್ಟಿರಬಹುದು. ಪಟ್ಟಿಯಲ್ಲಿ ನೀವು ಸುಮ್ನೆ 1-0-1 ಅಂತ ಬರೆದರೆ ಹೊಸ ಡಾಕ್ಟರ್ ಏನು ತಿಳಿದುಕೊಳ್ಳುತ್ತಾರೆ? ಎರಡು ಮಾತ್ರೆ ತಗೊಂಡರೂ ಶುಗರ್ ಇಷ್ಟಿದೆ ಅಂದುಕೊಂಡು ಡೋಸ್ ಏರಿಸುತ್ತಾರೆ. ಅದಕ್ಕೇ "ಚೀಟಿಯಲ್ಲಿ ಹೀಗಿದೆ" ಅನ್ನುವುದಕ್ಕೂ "ಅಮ್ಮ ಹೀಗೆ ತಗೋತಾರೆ" ಅನ್ನುವುದಕ್ಕೂ ಬೇರೆ ಬೇರೆ ಜಾಗ ಇಟ್ಟುಕೊಳ್ಳಿ.

ಮುಂದಿನ ಹೆಜ್ಜೆಯಲ್ಲಿ ಬ್ರಾಂಡ್ ಹೆಸರು ಬಿಟ್ಟು ಒಳಗಿರುವ ಔಷಧಿಯ ಹೆಸರು ಬರೆಯಬೇಕು. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ "ಪ್ರತಿ ಮಾತ್ರೆಯಲ್ಲಿ ಇರುವುದು" ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಕತ್ತರಿಸಿದ ಸ್ಟ್ರಿಪ್ ಆಗಿ ಹೆಸರಿನ ಭಾಗ ಹೋಗಿದ್ದರೆ ಅಂದಾಜಿನಲ್ಲಿ ಬರೆಯಬೇಡಿ, ಬಿಲ್ ನೋಡಿ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕು ಅನ್ನುವ ನಿಯಮ ಬಂದಿದೆ. ಅದು ಇದ್ದರೆ ಸ್ಕ್ಯಾನ್ ಮಾಡಿದಾಗ ಔಷಧಿಯ ಹೆಸರು ಸಿಗುತ್ತದೆ.

ಹೀಗೆ ಬಿಡಿಸಿ ಬರೆದ ಕೂಡಲೇ ಗಂಟುಗಳು ಕಾಣತೊಡಗುತ್ತವೆ. ಟೆಲ್ಮಾ 40 ಅಂದರೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ. ಟೆಲ್ಮಾ-ಎಎಂ ಅಂದರೆ ಅದೇ ಟೆಲ್ಮಿಸಾರ್ಟನ್ 40, ಜೊತೆಗೆ ಆಮ್ಲೊಡಿಪಿನ್ 5. ಹೃದಯದ ಡಾಕ್ಟರ್ 2024ರ ಏಪ್ರಿಲ್‌ನಲ್ಲಿ ಮೊದಲಿನದನ್ನು ಬರೆದರು. ನಿಮ್ಮೂರಿನ ಡಾಕ್ಟರ್ ನವೆಂಬರಿನಲ್ಲಿ ಬಿಪಿ ಜಾಸ್ತಿ ಇದೆ ಅಂತ ಎರಡನೆಯದನ್ನು ಬರೆದರು. ಹಳೆಯದು ನಿಲ್ಲಿಸಿ ಅಂತ ಚೀಟಿಯಲ್ಲಿಲ್ಲ. ಬಹುಶಃ ಬಾಯಲ್ಲಿ ಹೇಳಿರುತ್ತಾರೆ. ಆದರೆ ಅಂಗಡಿಗೆ ಎರಡು ಚೀಟಿಯೂ ಹೋಗುತ್ತಿವೆ, ಎರಡು ಮಾತ್ರೆಯೂ ಬರುತ್ತಿವೆ.

ಈಗ ಪಟ್ಟಿಯ ಮುಖ್ಯ ಕಾಲಂಗೆ ಬರೋಣ: ಈ ಮಾತ್ರೆ ಯಾತಕ್ಕೆ? ಹೆಚ್ಚಿನವರು ಹೆಸರು, ಡೋಸ್ ಬರೆದು ಇದನ್ನು ಖಾಲಿ ಬಿಡುತ್ತಾರೆ. ನನ್ನ ಅನುಭವದಲ್ಲಿ ಅರ್ಧ ತೊಡಕು ಬಿಡಿಸುವುದು ಈ ಕಾಲಮ್ಮೇ. ಲ್ಯಾಸಿಕ್ಸ್ ತಗೊಳ್ಳಿ. 2025ರ ಫೆಬ್ರವರಿಯಲ್ಲಿ ಬೇರೊಂದು ಕ್ಲಿನಿಕ್‌ನಲ್ಲಿ "ಲ್ಯಾಸಿಕ್ಸ್ 40, 1-0-0, 5 ದಿನ" ಅಂತ ಬರೆದಿದ್ದಾರೆ. ಕಾರಣ, ಪಾದ ಊದಿದೆ. ಪಾದ ಯಾಕೆ ಊದಿತು? ತಾರೀಕು ನೋಡಿ. ಮೂರು ತಿಂಗಳ ಹಿಂದೆಯಷ್ಟೇ ಟೆಲ್ಮಾ-ಎಎಂ ಜೊತೆ ಆಮ್ಲೊಡಿಪಿನ್ ಶುರುವಾಗಿದೆ. ಪಾದ, ಹರಡಿನ ಹತ್ತಿರ ಊದುವುದು ಆಮ್ಲೊಡಿಪಿನ್‌ನ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಅಲ್ಲಿ ಸೇರುವುದರಿಂದ ಆಗುವ ಊತ ಇದು. ಮೂತ್ರ ಹೋಗಿಸುವ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಬಂದು, ಐದು ದಿನದ್ದು ಹಾಗೇ ಮುಂದುವರಿದಿರುವ ಸಾಧ್ಯತೆ ಇದೆ.

ಸಾಧ್ಯತೆ ಅಂತ ಎಚ್ಚರದಿಂದ ಹೇಳುತ್ತಿದ್ದೇನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯ ದುರ್ಬಲವಾಗಿಯೂ ಕಾಲು ಊದಬಹುದು. ಹಾಗಿದ್ದರೆ ಲ್ಯಾಸಿಕ್ಸ್ ಬೇಕೇ ಬೇಕು. ಎರಡರಲ್ಲಿ ಯಾವುದು ಅಂತ ಡಾಕ್ಟರ್ ಪರೀಕ್ಷೆ ಮಾಡಿ, ಬೇಕಾದರೆ ಎಕೋ ಮಾಡಿಸಿ ಹೇಳಬೇಕು. ನೀವು ಪಟ್ಟಿಯಲ್ಲಿ ಎರಡೂ ತಾರೀಕನ್ನು ಎದುರೆದುರು ಬರೆದು ತೋರಿಸಿದರೆ ಅವರಿಗೆ ಒಂದೇ ನಿಮಿಷದಲ್ಲಿ ವಿಷಯ ಹೊಳೆಯುತ್ತದೆ.

ಕಾರಣ ಬರೆಯುವಾಗ ಒಂದು ಎಚ್ಚರಿಕೆ. ಮೆಟೊಪ್ರೊಲೋಲ್ ಅನ್ನು ಮನೆಗಳಲ್ಲಿ "ಇನ್ನೊಂದು ಬಿಪಿ ಮಾತ್ರೆ" ಅನ್ನುತ್ತಾರೆ. ನಿಮ್ಮ ಡಿಸ್ಚಾರ್ಜ್ ಸಮರಿಯ ಪ್ರಕಾರ ಅದು ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯದ ಮೇಲಿನ ಭಾರ ಕಡಿಮೆ ಮಾಡಲು ಕೊಟ್ಟದ್ದು. ನೀವು "ಬಿಪಿ" ಅಂತ ಬರೆದರೆ, ಬಿಪಿ ತಗ್ಗಿದ ದಿನ ಯಾರಾದರೂ ಮೊದಲು ಅದನ್ನೇ ತೆಗೆಯಬಹುದು. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಮರುಕಳಿಸುವ ಅಪಾಯ ಇದೆ. ಹಾಗೆಯೇ ಪ್ಯಾನ್ 40, ಅಂದರೆ ಪ್ಯಾಂಟೊಪ್ರಜೋಲ್, ಬರೀ "ಗ್ಯಾಸ್ ಮಾತ್ರೆ" ಅಲ್ಲ. ನಿಮ್ಮ ಅಮ್ಮನಿಗೆ ಅದನ್ನು ಕೊಟ್ಟದ್ದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಎರಡು ಮಾತ್ರೆಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ. ಆ ಕಾರಣ ಗೊತ್ತಿದ್ದರೆ ಮಾತ್ರ ಅದು ಎಲ್ಲಿಯವರೆಗೆ ಬೇಕು ಅಂತ ಕೇಳಲು ಬರುತ್ತದೆ.

ಇನ್ನು ಎಲ್ಲಕ್ಕಿಂತ ಕಷ್ಟದ್ದು. ಹೃದಯದ ಡಾಕ್ಟರ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2023ರ ಮಾರ್ಚ್ ಡಿಸ್ಚಾರ್ಜ್ ಸಮರಿಯಲ್ಲಿ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಅಟೊರ್ವಾಸ್ಟಾಟಿನ್ 40, ಮೆಟೊಪ್ರೊಲೋಲ್ 25, ಟೆಲ್ಮಿಸಾರ್ಟನ್ 40, ಪ್ಯಾಂಟೊಪ್ರಜೋಲ್ 40 ಇವೆ. 2024ರ ಏಪ್ರಿಲ್ ಚೀಟಿಯಲ್ಲಿ ಅಟೊರ್ವಾಸ್ಟಾಟಿನ್ ಇಲ್ಲ, ಅದರ ಜಾಗದಲ್ಲಿ ರೋಸುವಾಸ್ಟಾಟಿನ್ 20 ಬಂದಿದೆ. ಕ್ಲೋಪಿಡೋಗ್ರೆಲ್ ಕೂಡ ಇಲ್ಲ, ಅದರ ಜಾಗದಲ್ಲಿ ಏನೂ ಬಂದಿಲ್ಲ. ಎಲ್ಲೂ "ನಿಲ್ಲಿಸಿ" ಅನ್ನುವ ಪದ ಇಲ್ಲ. ಮನೆಯಲ್ಲಿ ಮಾತ್ರ ಅಟೊರ್ವಾಸ್ಟಾಟಿನ್, ಕ್ಲೋಪಿಡೋಗ್ರೆಲ್ ಎರಡರ ಸ್ಟ್ರಿಪ್ಪೂ ಇವೆ.

ಅಟೊರ್ವಾ, ರೋಸುವಾ ಎರಡೂ ಒಂದೇ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ. ಇವೆರಡನ್ನು ಜೊತೆಗೆ ಕೊಡುವ ರೂಢಿ ಇಲ್ಲ. ಒಂದು ಬಂದರೆ ಇನ್ನೊಂದು ಹೋಯಿತು ಅಂತಲೇ ಬಹುಮಟ್ಟಿಗೆ ಅರ್ಥ. ಎರಡೂ ಒಟ್ಟಿಗೆ ಹೋದರೆ ತೊಡೆ, ಮೀನಖಂಡದ ಸ್ನಾಯು ನೋಯಬಹುದು. ಅಮ್ಮ ಮೂಳೆ ಡಾಕ್ಟರಿಗೆ ತೋರಿಸಿದ ನೋವು ಮಂಡಿಯದು ಮಾತ್ರವೇ ಅಥವಾ ತೊಡೆಯಲ್ಲೂ ಇದೆಯೇ ಅಂತ ಕೇಳಿ ಬರೆದುಕೊಳ್ಳಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ತುರ್ತು.

ಕ್ಲೋಪಿಡೋಗ್ರೆಲ್ ವಿಷಯದಲ್ಲಿ ಇದೇ ತರ್ಕ ಹಚ್ಚಬೇಡಿ. ಆಸ್ಪಿರಿನ್ ಕೂಡ ಸ್ಟೆಂಟ್‌ಗೆ, ಇದೂ ಸ್ಟೆಂಟ್‌ಗೆ, ಕಾರಣ ಒಂದೇ, ಹಾಗಾಗಿ ಒಂದು ಹೆಚ್ಚು ಅನ್ನಿಸುತ್ತದೆ. ಆದರೆ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ, ಬೇಕೆಂದೇ ಜೋಡಿಯಾಗಿ ಕೊಡುತ್ತಾರೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಜೋಡಿ ಇರುತ್ತದೆ, ಆಮೇಲೆ ಒಂದನ್ನು ತೆಗೆಯುತ್ತಾರೆ. ಕೆಲವರಿಗೆ ಮುಂದುವರಿಸುತ್ತಾರೆ. ನಿಮ್ಮ ಏಪ್ರಿಲ್ ಚೀಟಿ ವರ್ಷ ತುಂಬಿದ ಮೇಲೆ ಬರೆದದ್ದು. ಹಾಗಾಗಿ ತೆಗೆದಿರುವ ಸಂಭವವೇ ಹೆಚ್ಚು, ಬರೆಯಲು ಮರೆತಿರುವುದೂ ಉಂಟು. ಇದನ್ನು ನಾನೂ ನೀವೂ ಊಹಿಸಿ ತೀರ್ಮಾನಿಸುವಂತಿಲ್ಲ. ಹೃದಯದ ಡಾಕ್ಟರೇ ಹೇಳಬೇಕು. ಅವರು ಹೇಳುವವರೆಗೆ ಅಮ್ಮ ಈಗ ತಗೊಳ್ಳುತ್ತಿರುವ ಹಾಗೇ ತಗೊಳ್ಳಲಿ.

ಥೈರಾಯ್ಡ್ ಮಾತ್ರೆಯ ತೊಡಕು ಚಿಕ್ಕದು. ಚೀಟಿಯಲ್ಲಿ 50 ಇದೆ, ಸ್ಟ್ರಿಪ್‌ನಲ್ಲಿ 75. ಅಂದರೆ ಡೋಸ್ ಏರಿಸಿದ ಒಂದು ಚೀಟಿ ಕಳೆದಿದೆ, ಇಲ್ಲವೇ ಅಂಗಡಿಯಲ್ಲಿ ತಪ್ಪಿದೆ. 75 ಮೊದಲ ಸಲ ಬಿಲ್ಲಿನಲ್ಲಿ ಬಂದ ತಿಂಗಳು ಯಾವುದು ಅಂತ ಅಂಗಡಿಯವರನ್ನು ಕೇಳಿ, ಅದರ ಆಸುಪಾಸಿನ ಟಿಎಸ್‌ಎಚ್ ರಿಪೋರ್ಟ್ ಹುಡುಕಿ. ಈ ಮಾತ್ರೆಯ ಅಳತೆ ಮೈಕ್ರೋಗ್ರಾಂ. ಪಟ್ಟಿಯಲ್ಲಿ ಆ ಪದವನ್ನು ಪೂರ್ತಿ ಬರೆಯಿರಿ, ಮಿಲಿಗ್ರಾಂ ಆದರೆ ಸಾವಿರ ಪಟ್ಟು ವ್ಯತ್ಯಾಸ.

ಚೀಟಿಯ ಸಂಕೇತಗಳ ಬಗ್ಗೆಯೂ ಎರಡು ಮಾತು. ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ, ಎಚ್‌ಎಸ್ ಅಂದರೆ ಮಲಗುವಾಗ, ಎಸ್‌ಒಎಸ್ ಅಂದರೆ ತೊಂದರೆ ಆದಾಗ ಮಾತ್ರ. ನಿಮ್ಮ ಪಟ್ಟಿಯಲ್ಲಿ ಇವು ಯಾವುದೂ ಬೇಡ, "ಬೆಳಗ್ಗೆ ಒಂದು, ತಿಂಡಿಗೆ ಮುಂಚೆ" ಅಂತಲೇ ಬರೆಯಿರಿ. ವಾರಕ್ಕೊಮ್ಮೆಯ ಮಾತ್ರೆ ಇದ್ದರೆ ವಾರದ ಯಾವ ದಿನ ಅಂತ ಹೆಸರು ಹಾಕಿ. ವಿಟಮಿನ್ ಡಿ 60,000ದ ಮಾತ್ರೆಯನ್ನು ದಿನಾ ನುಂಗಿ ಆಸ್ಪತ್ರೆ ಸೇರುವವರಿದ್ದಾರೆ.

ಪಟ್ಟಿ ಹೀಗೆ ಬರಬೇಕು. ನಿಮ್ಮ ಅಮ್ಮನದರಿಂದಲೇ ಕೆಲವು ಸಾಲು ಬರೆದು ತೋರಿಸುತ್ತೇನೆ. ಅಮ್ಮನನ್ನು ಕೇಳಿ ತುಂಬಬೇಕಾದ ಕಡೆ ಗೆರೆ ಬಿಟ್ಟಿದ್ದೇನೆ.

ಆಸ್ಪಿರಿನ್ 75 ಮಿಲಿಗ್ರಾಂ. ದಿನಕ್ಕೊಂದು, ಊಟದ ನಂತರ. ಯಾತಕ್ಕೆ: ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಬರೆದವರು: ಹೃದಯದ ಡಾಕ್ಟರ್, ಏಪ್ರಿಲ್ 2024. ಅಮ್ಮ ತಗೊಳ್ಳುವುದು: ____

ಮೆಟೊಪ್ರೊಲೋಲ್ 25 ಮಿಲಿಗ್ರಾಂ. ಬೆಳಗ್ಗೆ ಒಂದು. ಯಾತಕ್ಕೆ: ಹಾರ್ಟ್ ಅಟ್ಯಾಕ್ ನಂತರ ಹೃದಯಕ್ಕೆ. ಬರೆದವರು: ಹೃದಯದ ಡಾಕ್ಟರ್, ಏಪ್ರಿಲ್ 2024. ಅಮ್ಮ ತಗೊಳ್ಳುವುದು: ____

ಮೆಟ್‌ಫಾರ್ಮಿನ್ 500 ಮತ್ತು ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಒಂದೇ ಮಾತ್ರೆ. ಬೆಳಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮುಂಚೆ. ಯಾತಕ್ಕೆ: ಶುಗರ್. ಬರೆದವರು: ಊರಿನ ಡಾಕ್ಟರ್, ನವೆಂಬರ್ 2024. ಅಮ್ಮ ತಗೊಳ್ಳುವುದು: ಬೆಳಗ್ಗೆ ಮಾತ್ರ, ಕಾರಣ ____

ಫ್ಯೂರೊಸೆಮೈಡ್ 40 ಮಿಲಿಗ್ರಾಂ (ಲ್ಯಾಸಿಕ್ಸ್). ಬೆಳಗ್ಗೆ ಒಂದು, 5 ದಿನಕ್ಕೆ ಬರೆದದ್ದು. ಯಾತಕ್ಕೆ: ಪಾದದ ಊತ. ಬರೆದವರು: ಕ್ಲಿನಿಕ್, ಫೆಬ್ರವರಿ 2025. ಅಮ್ಮ ತಗೊಳ್ಳುವುದು: ಈಗಲೂ ತಗೋತಾರೆ.

ಉಳಿದವನ್ನೂ ಹೀಗೇ ಬರೆಯಿರಿ. ಕಾರಣ ಗೊತ್ತಿಲ್ಲದ ಕಡೆ "ಗೊತ್ತಿಲ್ಲ" ಅಂತಲೇ ಬರೆಯಿರಿ, ಇಂಟರ್ನೆಟ್ ನೋಡಿ ತುಂಬಬೇಡಿ. ಒಂದೇ ಔಷಧಿಯನ್ನು ನಾಲ್ಕಾರು ಕಾಯಿಲೆಗೆ ಕೊಡುತ್ತಾರೆ. ತಪ್ಪು ಕಾರಣ ಬರೆದರೆ ಡಾಕ್ಟರ್ ಅದನ್ನು ನಂಬಿಬಿಡಬಹುದು. ಪಟ್ಟಿಯ ತಲೆಯ ಮೇಲೆ ಅಮ್ಮನ ಹೆಸರು, ವಯಸ್ಸು, ತೂಕ, ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲ ಅಂತಿದ್ದರೆ ಅದು, ಕೊನೇ ಕ್ರಿಯಾಟಿನಿನ್ ಎಷ್ಟಿತ್ತು, ಯಾವ ತಾರೀಕಿನದು, ಇಷ್ಟು ಇರಲಿ. ಮೆಟ್‌ಫಾರ್ಮಿನ್ ಸೇರಿದಂತೆ ಹಲವು ಮಾತ್ರೆಗಳ ಡೋಸನ್ನು ಕ್ರಿಯಾಟಿನಿನ್ ನೋಡಿಯೇ ನಿರ್ಧರಿಸುತ್ತಾರೆ.

ಪಟ್ಟಿಯ ಕೆಳಗೆ ಐದೇ ಪ್ರಶ್ನೆ ಬರೆದುಕೊಂಡು ಹೋಗಿ. ಎರಡು ಟೆಲ್ಮಿಸಾರ್ಟನ್‌ನಲ್ಲಿ ಯಾವುದು ಉಳಿಯಬೇಕು? ಅಟೊರ್ವಾ ನಿಲ್ಲಿಸಿ ರೋಸುವಾ ಒಂದೇ ಸಾಕೇ? ಕ್ಲೋಪಿಡೋಗ್ರೆಲ್ ಮುಗಿಯಿತೇ, ಮುಗಿದರೆ ಪ್ಯಾಂಟೊಪ್ರಜೋಲ್ ಬೇಕೇ? ಪಾದದ ಊತ ಆಮ್ಲೊಡಿಪಿನ್‌ನಿಂದ ಇರಬಹುದೇ? ರಾತ್ರಿಯ ಶುಗರ್ ಮಾತ್ರೆ ಬಿಡುತ್ತಿದ್ದಾರೆ, ಏನು ಮಾಡೋಣ? ಹೊಸ ಡಾಕ್ಟರ್ ಮೂರನೆಯದಕ್ಕೆ ಹೃದಯದ ಡಾಕ್ಟರನ್ನೇ ಕೇಳಿ ಅನ್ನಬಹುದು, ಅದು ಸರಿಯಾದ ಉತ್ತರವೇ.

ಡಾಕ್ಟರ್ ತೀರ್ಮಾನಿಸಿದ್ದನ್ನು ಅಲ್ಲೇ ಪಟ್ಟಿಯ ಮೇಲೆ ಬರೆಸಿಕೊಳ್ಳಿ. ನಿಲ್ಲಿಸಿದ ಮಾತ್ರೆಯನ್ನು ಅಳಿಸಬೇಡಿ. ಒಂದು ಗೆರೆ ಎಳೆದು "ನಿಲ್ಲಿಸಿದೆ", ತಾರೀಕು, ಕಾರಣ ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಇನ್ನೊಬ್ಬರು ಆಮ್ಲೊಡಿಪಿನ್ ಅನ್ನೇ ಮತ್ತೆ ಬರೆದಾರು. ಮನೆಗೆ ಬಂದ ಮೇಲೆ ನಿಲ್ಲಿಸಿದ ಸ್ಟ್ರಿಪ್‌ಗಳನ್ನು ಡಬ್ಬಿಯಿಂದ ತೆಗೆದುಬಿಡಿ. ಹಳೆಯ ಚೀಟಿಗಳ ಮೇಲೆ ಅಡ್ಡಗೆರೆ ಹಾಕಿ ಬೇರೆ ಕವರಿನಲ್ಲಿ ಇಡಿ. ಅಂಗಡಿಗೆ ಇನ್ನು ಹೊಸ ಚೀಟಿಯೊಂದೇ ಹೋಗಲಿ, ಅಲ್ಲಿಯವರಿಗೂ ಪಟ್ಟಿಯ ಒಂದು ಪ್ರತಿ ಕೊಟ್ಟು ಯಾವುದು ನಿಂತಿದೆ ಅಂತ ಬಾಯಲ್ಲಿ ಹೇಳಿ.